ಮೀಟಿಂಗಲ್ಲಿ ಶಭಾಷ್, ಕ್ಯಾಬಿನ್‌ನಲ್ಲಿ ತರಾಟೆ: ಇಂಥ ಟೀಮ್ ಕೈಗೆ ಬಂದಾಗ ನಾನು ಮಾಡಿದ್ದು

ಹೊಗಳೋದಾದರೆ ಎಲ್ಲರ ಮುಂದೆ ಹೊಗಳಿ, ತಪ್ಪು ಹೇಳೋದಾದರೆ ಒಬ್ಬರನ್ನೇ ಕರೆದು ಹೇಳಿ. ಹೊಸದಾಗಿ ಮ್ಯಾನೇಜರ್ ಆದವರಿಗೆ ಸಿಗುವ ಮೊದಲ ಸಲಹೆ ಇದೇ ಇರುತ್ತದೆ. ಸಲಹೆ ಕೆಟ್ಟದ್ದೇನಲ್ಲ. ಆದರೆ ಒಂದೇ ಕೆಲಸಕ್ಕೆ ಬೆಳಿಗ್ಗೆ ಮೀಟಿಂಗಲ್ಲಿ ಒಂದು ತೀರ್ಪು, ಮಧ್ಯಾಹ್ನ ಕ್ಯಾಬಿನ್‌ನಲ್ಲಿ ಇನ್ನೊಂದು ತೀರ್ಪು ಬರೋಕೆ ಶುರುವಾದರೆ ಜನ ಎರಡನ್ನೂ ನಂಬೋದು ಬಿಡುತ್ತಾರೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಆನ್‌ಲೈನ್ ಶಾಪಿಂಗ್ ಆ್ಯಪ್‌ನ ಟೆಸ್ಟಿಂಗ್ ಟೀಮ್ ವಹಿಸಿಕೊಂಡಾಗ ನಾನು ಕಂಡದ್ದು ಇದನ್ನೇ.

ನನಗಿಂತ ಮುಂಚೆ ಇದ್ದ ಮ್ಯಾನೇಜರ್ ಕೆಟ್ಟ ಮನುಷ್ಯ ಅಲ್ಲ. ಯಾರಿಗೂ ನಾಲ್ಕು ಜನರ ಎದುರು ಅವಮಾನ ಆಗಬಾರದು ಅನ್ನೋದು ಅವರ ಕಾಳಜಿ. ಆದರೆ ಟೀಮ್ ಹೇಗಿತ್ತು ಗೊತ್ತಾ? ನಾನು ಯಾರಿಗಾದರೂ 'ಚೆನ್ನಾಗಿ ಮಾಡಿದ್ದೀರ' ಅಂದರೆ ಅವರ ಮುಖ ಸಣ್ಣಗಾಗುತ್ತಿತ್ತು. ಮೀಟಿಂಗ್ ಮುಗಿದ ಮೇಲೆ ಹತ್ತಿರ ಬಂದು, 'ಏನಾದ್ರೂ ತಪ್ಪಾಗಿದೆಯಾ?' ಅಂತ ಕೇಳುತ್ತಿದ್ದರು. ವಿಷಯ ಬರೆಯದೆ ಸುಮ್ನೆ 'ಕ್ವಿಕ್ ಕಾಲ್' ಅಂತ ಕ್ಯಾಲೆಂಡರ್‌ನಲ್ಲಿ ಹಾಕಿದರೆ ಸಾಕು, ಆ ಮನುಷ್ಯನ ಅವತ್ತಿನ ಕೆಲಸ ಕೆಟ್ಟ ಹಾಗೆ. ಬಾಯಲ್ಲಿ ಹೇಳಿದ ಯಾವ ಮಾತನ್ನೂ ಒಪ್ಪದೆ, 'ಮೇಲ್‌ನಲ್ಲಿ ಹಾಕಿಬಿಡಿ' ಅನ್ನುತ್ತಿದ್ದರು. ಚಾಟ್‌ಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವವರೂ ಇದ್ದರು.

ಯಾಕೆ ಹೀಗೆ ಅಂತ ಒಬ್ಬೊಬ್ಬರ ಹತ್ತಿರ ಮಾತಾಡುತ್ತಾ ಹೋದಾಗ ಒಂದು ರೀಫಂಡ್ ಬಗ್‌ನ ಕಥೆ ಮತ್ತೆ ಮತ್ತೆ ಬಂತು.

ಗ್ರಾಹಕರೊಬ್ಬರು 600 ರೂಪಾಯಿಯ ಶರ್ಟ್, 400 ರೂಪಾಯಿಯ ಬೆಲ್ಟ್ ಕೊಳ್ಳುತ್ತಾರೆ ಅಂದುಕೊಳ್ಳಿ. 100 ರೂಪಾಯಿ ಕೂಪನ್ ಹಾಕಿ 900 ಕಟ್ಟುತ್ತಾರೆ. ಆಮೇಲೆ ಬೆಲ್ಟ್ ಮಾತ್ರ ವಾಪಸ್ ಕಳಿಸುತ್ತಾರೆ. ಕೂಪನ್ ಹಣವನ್ನು ಬೆಲೆಗೆ ತಕ್ಕ ಹಾಗೆ ಹಂಚಿದರೆ ಬೆಲ್ಟಿನ ಪಾಲಿಗೆ 40 ಬರುತ್ತದೆ, ಹಾಗಾಗಿ ವಾಪಸ್ ಹೋಗಬೇಕಾದ್ದು 360. ನಮ್ಮ ಆ್ಯಪ್ 400 ಕೊಡುತ್ತಿತ್ತು. ರಿಲೀಸ್ ಆದ ಮೇಲೆ ಇದನ್ನು ಹಿಡಿದದ್ದು ಅಕೌಂಟ್ಸ್‌ನವರು. ಟೆಸ್ಟ್ ಮಾಡಿದ್ದವರು ಟೀಮಿನ ಹಿರಿಯ ಟೆಸ್ಟರ್.

ಅವತ್ತು ಬೆಳಗಿನ ಮೀಟಿಂಗಲ್ಲಿ ಮ್ಯಾನೇಜರ್ ಆಕೆಯ ಹೆಸರು ಹೇಳಿ, 'ಇಷ್ಟು ಸ್ಮೂತ್ ರಿಲೀಸ್ ನಾನು ನೋಡೇ ಇಲ್ಲ' ಅಂತ ಚಪ್ಪಾಳೆ ಹೊಡೆಸಿದರು. ಮಧ್ಯಾಹ್ನ ಕ್ಯಾಬಿನ್‌ಗೆ ಕರೆದು, 'ಟೆಸ್ಟಿಂಗ್ ಅರ್ಧಂಬರ್ಧ ಮಾಡಿದ್ದೀರ, ನಿಮ್ಮಂಥ ಸೀನಿಯರ್ ಹೀಗೆ ಮಾಡೋದಾ?' ಅಂದರು. ಆಕೆ, 'ಸರ್, ಹಾಗಾದ್ರೆ ಬೆಳಿಗ್ಗೆ ಹೇಳಿದ್ದು?' ಅಂತ ಕೇಳಿದ್ದಕ್ಕೆ, 'ಅದು ಟೀಮಿನ ಹುರುಪಿಗೆ' ಅನ್ನೋ ಉತ್ತರ ಬಂತಂತೆ.

ಈ ಒಂದು ದಿನದಲ್ಲಿ ಎಷ್ಟೆಲ್ಲಾ ಕೆಟ್ಟಿತು ನೋಡಿ. ರೀಫಂಡ್ ತಪ್ಪಾಗಿದೆ ಅಂತ ಡೆವಲಪರ್‌ಗಳಿಗೆ ಬೆಳಿಗ್ಗೆಯೇ ಗೊತ್ತಿತ್ತು. ಹಾಗಾಗಿ ಚಪ್ಪಾಳೆ ಹೊಡೆಯುವಾಗಲೇ ಅವರಿಗೆ ಆ ಹೊಗಳಿಕೆ ಟೊಳ್ಳು ಅನ್ನಿಸಿತ್ತು. ಆಕೆ ಮ್ಯಾನೇಜರ್‌ಗೆ ಬೇಕಾದವರು ಅಂತ ಕೆಲವರು ಗುಸುಗುಸು ಬೇರೆ ಶುರು ಮಾಡಿದರು. ಬೈಸಿಕೊಂಡಿದ್ದು ಯಾರಿಗೂ ಕಾಣಲಿಲ್ಲ ಅಲ್ವಾ! ಆಕೆಗೋ, ಬೆಳಗಿನ ಮಾತು ನಿಜವೋ ಮಧ್ಯಾಹ್ನದ್ದು ನಿಜವೋ, ಅಪ್ರೈಸಲ್‌ನಲ್ಲಿ ಯಾವುದು ಬರುತ್ತದೋ ಅನ್ನೋ ಚಿಂತೆ. ಕ್ಯಾಬಿನ್ ಮಾತಿಗೆ ಸಾಕ್ಷಿಯೂ ಇಲ್ಲ, ಬರಹವೂ ಇಲ್ಲ. ಅದು ಸಣ್ಣ ಮಾತಾಗಿಯೂ ಮುಗಿಯಬಹುದು, ವರ್ಷದ ಕೊನೆಗೆ ರೇಟಿಂಗ್ ಇಳಿಸುವ ಕಾರಣವಾಗಿಯೂ ಬರಬಹುದು.

ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಆ ಬಗ್ ಯಾಕೆ ತಪ್ಪಿಸಿಕೊಂಡಿತು ಅನ್ನೋದು ಕ್ಯಾಬಿನ್ ಒಳಗೇ ಉಳಿದುಹೋಯಿತು. ಕೂಪನ್ ಇದ್ದು ಅರ್ಧ ಆರ್ಡರ್ ವಾಪಸ್ ಬಂದರೆ ಏನು ಮಾಡಬೇಕು ಅಂತ ರಿಕ್ವೈರ್‌ಮೆಂಟ್‌ನಲ್ಲಿ ಬರೆದೇ ಇರಲಿಲ್ಲ. ಟೆಸ್ಟ್ ಡೇಟಾದಲ್ಲೂ ಅಂಥ ಆರ್ಡರ್ ಇರಲಿಲ್ಲ. ಎಲ್ಲರ ಮುಂದೆ ಇದನ್ನು ಬಿಡಿಸಿಟ್ಟಿದ್ದರೆ ಇನ್ನೊಬ್ಬ ಟೆಸ್ಟರ್ ವ್ಯಾಲೆಟ್ ಕ್ಯಾಶ್‌ಬ್ಯಾಕ್‌ನಲ್ಲಿ ಇದೇ ಥರದ ತಪ್ಪನ್ನು ಬಿಡುತ್ತಿರಲಿಲ್ಲ. ಆತ ಬಿಟ್ಟ. ಆತನಿಗೂ ಮೀಟಿಂಗಲ್ಲಿ ಚಪ್ಪಾಳೆ, ಕ್ಯಾಬಿನ್‌ನಲ್ಲಿ ತರಾಟೆ. ಕೊನೆಗೆ ಇಬ್ಬರೂ ಟೀ ಕುಡಿಯುವಾಗ ಮಾತಾಡಿಕೊಂಡು, ಇದು ತಮ್ಮೊಬ್ಬರ ಕಥೆ ಅಲ್ಲ ಅಂತ ತಿಳಿದ ಮೇಲೆ ಆ ಮ್ಯಾನೇಜರ್ ಹೊಗಳಿಕೆಗೆ ಟೀಮಿನಲ್ಲಿ ಬೆಲೆಯೇ ಉಳಿಯಲಿಲ್ಲ.

ನಾನು ಮೊದಲು ಮಾಡಿದ್ದು ತಪ್ಪನ್ನು ಎರಡು ಭಾಗ ಮಾಡಿದ್ದು. ಕೆಲಸದಲ್ಲಿ ಆದ ಲೋಪ ಎಲ್ಲರ ಮುಂದೆ ಬರಬೇಕು, ಹೆಸರಿಲ್ಲದೆ. ಒಬ್ಬ ವ್ಯಕ್ತಿ ಏನು ಬದಲಾಯಿಸಿಕೊಳ್ಳಬೇಕು ಅನ್ನೋದು ಮಾತ್ರ ಒಬ್ಬರ ಹತ್ತಿರ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅನ್ನೋ ರೂಢಿ ಆಗಲೇ ಇದೆ. ರೀಫಂಡ್ ಬಗ್ಗನ್ನೇ ಹಳೆಯ ಕಡತದಿಂದ ತೆಗೆದು ಟೀಮ್ ಮುಂದೆ ಇಟ್ಟೆ. ಏನಾಯಿತು, ರಿಕ್ವೈರ್‌ಮೆಂಟ್, ಕೋಡ್, ಟೆಸ್ಟ್ ಈ ಮೂರರಲ್ಲಿ ಎಲ್ಲೆಲ್ಲಿ ತಡೆಯಬಹುದಿತ್ತು, ಮುಂದೆ ಯಾವ ಟೆಸ್ಟ್ ಕೇಸ್ ಸೇರಿಸಬೇಕು. ಇಷ್ಟೇ. ಆ ಹಿರಿಯ ಟೆಸ್ಟರ್ ಮೊದಲು ಸುಮ್ಮನಿದ್ದರು, ಆಮೇಲೆ ತಾವೇ, 'ಡೆಲಿವರಿ ಚಾರ್ಜ್‌ನಲ್ಲೂ ಇದೇ ಲೆಕ್ಕ ತಪ್ಪಬಹುದು, ನೋಡಿಬಿಡೋಣ' ಅಂದರು.

ಟೀಮ್‌ಗಳು ಹೇಗೆ ಕೆಲಸ ಮಾಡುತ್ತವೆ ಅಂತ ಸಂಶೋಧನೆ ಮಾಡುವ ಅಮೆರಿಕದ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ್ದರು. ಒಳ್ಳೆಯ ಟೀಮ್‌ಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಇತ್ತು. ಅಲ್ಲಿನ ನರ್ಸ್‌ಗಳು ಹೆದರದೆ ಹೇಳುತ್ತಿದ್ದುದೇ ಅದಕ್ಕೆ ಕಾರಣ ಇರಬೇಕು ಅಂತ ಅವರಿಗೆ ಹೊಳೆಯಿತು. ನಮ್ಮಲ್ಲೂ ಮೊದಮೊದಲು ಟೆಸ್ಟರ್‌ಗಳೇ ಬರೆದುಕೊಡುವ ಲೋಪಗಳ ಪಟ್ಟಿ ಉದ್ದವಾಯಿತು. ನನ್ನ ಮೇಲಿನವರು ಗಾಬರಿಯಾಗಿ, ಏನಿದು ಅಂತ ಕೇಳಿದರು. ಅವರಿಗೆ ವಿವರಿಸೋದೇ ಒಂದು ಕೆಲಸ ಆಯಿತು.

ಇನ್ನು ಹೊಗಳಿಕೆ. ಕ್ಯಾಬಿನ್‌ನಲ್ಲೂ ಅದೇ ಮಾತನ್ನು ಹೇಳಬಲ್ಲೆ ಅನ್ನಿಸಿದರೆ ಮಾತ್ರ ಮೀಟಿಂಗಲ್ಲಿ ಹೇಳುತ್ತಿದ್ದೆ. 'ಸೂಪರ್ ರಿಲೀಸ್' ಅನ್ನೋದನ್ನು ಬಿಟ್ಟೆ. 'ಹಳೆಯ ಫೋನ್‌ಗಳಲ್ಲಿ ಪೇಮೆಂಟ್ ಪೇಜ್ ನಿಲ್ಲುತ್ತಿದ್ದುದನ್ನು ಇವರು ರಿಲೀಸ್‌ಗೆ ಮುಂಚೆ ಹಿಡಿದರು' ಅನ್ನುವಂಥ ಮಾತು ಉಳಿಸಿಕೊಂಡೆ. ಅದೇ ರಿಲೀಸ್‌ನಲ್ಲಿ ಒಂದು ಲೋಪವೂ ಇದ್ದರೆ ಮೀಟಿಂಗ್‌ಗೆ ಮುಂಚೆಯೇ ಆ ವ್ಯಕ್ತಿಗೆ ಎರಡನ್ನೂ ಹೇಳಿಬಿಡುತ್ತಿದ್ದೆ: 'ಪೇಮೆಂಟ್ ಪೇಜ್ ವಿಷಯ ಹೊಗಳ್ತೀನಿ, ರೀಫಂಡ್ ಲೋಪವನ್ನೂ ಹೆಸರಿಲ್ಲದೆ ಹೇಳ್ತೀನಿ. ನಿಮ್ಮ ಹತ್ತಿರ ನನಗೆ ಬೇಕಾದ್ದು ಒಂದೇ, ಟೆಸ್ಟ್ ಡೇಟಾ ಮೊದಲು ನನಗೆ ತೋರಿಸಿ.' ಆಮೇಲೆ ಎರಡು ಸಾಲಿನ ಮೇಲ್. ಅದರಲ್ಲಿ ಇಲ್ಲದ ದೂರು ಅಪ್ರೈಸಲ್‌ನಲ್ಲಿ ಬರೋದಿಲ್ಲ ಅಂತ ಮಾತು ಕೊಟ್ಟಿದ್ದೆ. ಆ ಮಾತು ಉಳಿದಿದೆ ಅಂತ ಅವರಿಗೆ ಗೊತ್ತಾಗೋಕೆ ಒಂದು ಅಪ್ರೈಸಲ್ ಮುಗಿಯಲೇಬೇಕಾಯಿತು. ಅಲ್ಲಿಯವರೆಗೆ ಸ್ಕ್ರೀನ್‌ಶಾಟ್ ತೆಗೆಯೋದು ನಿಲ್ಲಲಿಲ್ಲ, ನಾನೂ ಅದನ್ನು ತಪ್ಪು ತಿಳಿಯಲಿಲ್ಲ.

ಎಲ್ಲವನ್ನೂ ಬಯಲಿಗೆ ತಂದೆ ಅಂತಲ್ಲ. ರಜೆ, ಆರೋಗ್ಯ, ಸಹೋದ್ಯೋಗಿ ಜೊತೆಗಿನ ಜಗಳ, ಇವು ಇಬ್ಬರ ನಡುವೆಯೇ ಇರಬೇಕು. ಕ್ಲೈಂಟ್ ಕಾಲ್‌ನಲ್ಲಿ ನಮ್ಮ ಲೋಪ ಬಿಡಿಸೋಕೆ ಹೋಗಬಾರದು, ಅಲ್ಲಿ ಹೆಸರು ಹೇಳದಿದ್ದರೂ ಯಾರು ಅಂತ ಗೊತ್ತಾಗಿಬಿಡುತ್ತದೆ. ಮೂರ್ನಾಲ್ಕು ಜನರ ಸಣ್ಣ ಟೀಮ್‌ನಲ್ಲೂ ಇದೇ ತೊಂದರೆ. ಅಲ್ಲಿ ಆ ವ್ಯಕ್ತಿಯನ್ನು ಮೊದಲೇ ಕೇಳಿ, ಅವರೇ ಲೋಪವನ್ನು ವಿವರಿಸುವ ಹಾಗಿದ್ದರೆ ಅವರಿಗೇ ಬಿಡೋದು ವಾಸಿ. ವ್ಯಾಲೆಟ್ ಬಗ್ ಬಿಟ್ಟ ಹುಡುಗ ಮಾತ್ರ ಇದ್ಯಾವುದಕ್ಕೂ ಕಾಯಲಿಲ್ಲ, ಆತ ಅಷ್ಟರಲ್ಲೇ ಪೇಪರ್ ಹಾಕಿಯಾಗಿತ್ತು.