ಉಪನ್ಯಾಸದಿಂದ ಪ್ರಚಾರ ಯೋಜನೆಗೆ: ಗಾಣದ ಎಣ್ಣೆ ಅಂಗಡಿಯ ಒಂದು ಮಾದರಿ

ಸಣ್ಣ ಉದ್ಯಮಿಗಳ ತರಬೇತಿಗಾಗಿ ನಾನು ಸಿದ್ಧಪಡಿಸಿದ್ದ ಮಾರ್ಕೆಟಿಂಗ್ ಉಪನ್ಯಾಸವು ಮಾರುಕಟ್ಟೆಯ ವಿಂಗಡಣೆಯಿಂದ ಆರಂಭವಾಗಿ, ಗುರಿ ಗ್ರಾಹಕರ ಆಯ್ಕೆಯನ್ನು ದಾಟಿ, ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಮೆಕಾರ್ಥಿ ಅವರು 1960ರಲ್ಲಿ ಮುಂದಿಟ್ಟ ಸರಕು, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕು ಅಂಶಗಳಲ್ಲಿ ಮುಗಿಯುತ್ತಿತ್ತು. ಅದನ್ನು ಒಂದು ಪುಟದ ನಮೂನೆಯಾಗಿಸುವಾಗ, ಹೆಸರು, ತಾರೀಖು ಅಥವಾ ಸಂಖ್ಯೆಯಿಂದ ತುಂಬಲಾಗದ ಯಾವ ಖಾನೆಯನ್ನೂ ಉಳಿಸಿಕೊಳ್ಳಲಿಲ್ಲ. 'ಗುರಿ ಗ್ರಾಹಕರು ಯಾರು' ಎಂದು ಕೇಳಿದರೆ 'ಆರೋಗ್ಯದ ಕಾಳಜಿ ಇರುವವರು' ಎಂಬ ಉತ್ತರ ಬರುತ್ತದೆ. 'ಅವರು ಯಾವ ಬೀದಿಯಲ್ಲಿದ್ದಾರೆ, ಈಗ ಎಲ್ಲಿ ಕೊಳ್ಳುತ್ತಾರೆ' ಎಂದು ಕೇಳಿದರೆ ಮಾತ್ರ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಉಪನ್ಯಾಸದ ಕ್ರಮವನ್ನು ನಾನು ಮುರಿದದ್ದು ಒಂದು ಕಡೆ. ಪ್ರಚಾರದ ಮಾಧ್ಯಮವನ್ನು ಕೇಳುವ ಖಾನೆಗಿಂತ ಮೊದಲೇ 'ಒಬ್ಬ ಹೊಸ ಗಿರಾಕಿಗಾಗಿ ಹೆಚ್ಚೆಂದರೆ ಎಷ್ಟು ಖರ್ಚು ಮಾಡಬಹುದು' ಎಂಬ ಖಾನೆಯನ್ನಿಟ್ಟೆ, ಏಕೆಂದರೆ ಆ ಮೊತ್ತ ತಿಳಿಯದೆ ಕರಪತ್ರ ಒಳ್ಳೆಯದೋ ಮಳಿಗೆ ಒಳ್ಳೆಯದೋ ಎಂದು ತೀರ್ಮಾನಿಸಲು ಬರುವುದಿಲ್ಲ.

ಭರ್ತಿ ಮಾಡಿದ ಮಾದರಿಗೆ ಗಾಣದ ಎಣ್ಣೆ ಮಾರುವ ಅಂಗಡಿಯೊಂದನ್ನು ಆರಿಸಿಕೊಂಡೆ. ಶೇಂಗಾ ಎಣ್ಣೆಯಲ್ಲಿ ಲೀಟರಿಗೆ 80 ರೂಪಾಯಿ ಉಳಿಯುತ್ತದೆ, ಹೊಸ ಗಿರಾಕಿ ಮೊದಲ ಸಲ ಎರಡು ಲೀಟರ್ ಕೊಳ್ಳುತ್ತಾನೆ ಎಂದಿಟ್ಟುಕೊಂಡರೆ ಉಳಿಕೆ 160 ರೂಪಾಯಿ. ಅದರಲ್ಲಿ 120 ರೂಪಾಯಿಯನ್ನು ಮಿತಿಯಾಗಿ ಬರೆದೆ. ರುಚಿ ನೋಡಲು ಕೊಡುವ 100 ಮಿಲಿಯ ಎಳ್ಳೆಣ್ಣೆ ಬಾಟಲಿಗೆ 40 ರೂಪಾಯಿ ತಗಲುತ್ತದೆ. ಅದನ್ನು ಬಂದವರಿಗೆಲ್ಲ ಹಂಚಿದರೆ ಕೊಳ್ಳದವರ ಖರ್ಚೂ ಕೊಂಡವರ ಲೆಕ್ಕಕ್ಕೆ ಸೇರುವುದರಿಂದ, ಕೂಪನ್ ತಂದು ಎಣ್ಣೆ ಕೊಂಡವರಿಗಷ್ಟೇ ಕೊಡುವುದೆಂದು ನಮೂದಿಸಿದೆ. ಹೀಗೆ ಮಾಧ್ಯಮಕ್ಕೆ ತಲೆಗೆ 80 ರೂಪಾಯಿ ಉಳಿಯಿತು.

ಆಮೇಲೆ ಪ್ರತಿ ಮಾಧ್ಯಮದ ಮುಂದೆ 'ಕನಿಷ್ಠ ಎಷ್ಟು ಗಿರಾಕಿಗಳು ಬರಬೇಕು' ಎಂಬ ಖಾನೆ ಬರುತ್ತದೆ. ಪತ್ರಿಕೆಯೊಳಗಿಟ್ಟು ಹಂಚುವ 2,000 ಕರಪತ್ರಗಳಿಗೆ 3,000 ರೂಪಾಯಿ ಎಂದಾದರೆ 38 ಜನ ಬರಬೇಕು, ಅಂದರೆ ನೂರು ಮನೆಗೆ ಸುಮಾರು ಇಬ್ಬರು. ಪರಿಚಯವಿಲ್ಲದ ಅಂಗಡಿಗೆ ಅಷ್ಟನ್ನು ನಿರೀಕ್ಷಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅಪಾರ್ಟ್‌ಮೆಂಟಿನ ಆವರಣದಲ್ಲಿ ಭಾನುವಾರದ ಮಳಿಗೆಗೆ 1,000 ರೂಪಾಯಿ ತಗುಲಿದರೆ 13 ಜನ ಸಾಕು, ಜೊತೆಗೆ ಎಣ್ಣೆಯ ವಾಸನೆಯನ್ನು ಕೊಳ್ಳುವವರು ಅಲ್ಲಿಯೇ ನೋಡಬಹುದು. ಆದ್ದರಿಂದ ಮಾದರಿಯಲ್ಲಿ ಕರಪತ್ರದ ಸಾಲನ್ನು ಲೆಕ್ಕ ಕಾಣುವಂತೆಯೇ ಹೊಡೆದುಹಾಕಿ, ನಾಲ್ಕು ಅಪಾರ್ಟ್‌ಮೆಂಟುಗಳಲ್ಲಿ ನಾಲ್ಕು ಭಾನುವಾರದ ಮಳಿಗೆಗಳನ್ನು ಬರೆದೆ. ಪ್ರತಿಯೊಂದಕ್ಕೂ ಬೇರೆ ಬಣ್ಣದ ಕೂಪನ್ ಇರುವುದರಿಂದ ಯಾರು ಎಲ್ಲಿಂದ ಬಂದರೆಂಬುದು ಗಲ್ಲಾದಲ್ಲಿಯೇ ತಿಳಿಯುತ್ತದೆ. ಮೊದಲ ಎರಡು ಭಾನುವಾರ ಸೇರಿ 26 ಜನ ಆಗದಿದ್ದರೆ ಉಳಿದ ಎರಡು ಸ್ಥಳಗಳನ್ನು ಬದಲಿಸಬೇಕೆಂದು ಪಕ್ಕದಲ್ಲಿ ಸೂಚಿಸಿದೆ.

'ಮತ್ತೆ ಕೊಂಡವರು ಎಷ್ಟು' ಎಂಬ ಕೊನೆಯ ಖಾನೆಯನ್ನು ಮಾದರಿಯಲ್ಲಿಯೂ ಖಾಲಿ ಬಿಟ್ಟಿದ್ದೇನೆ. ಒಯ್ದ ಎಣ್ಣೆ ಮನೆಯಲ್ಲಿ ಮುಗಿಯುವವರೆಗೆ ಆ ಸಂಖ್ಯೆ ಯಾರಿಗೂ ತಿಳಿಯದು. ಅದನ್ನು ಮಾಲೀಕರು ತಿಂಗಳೆರಡು ಕಳೆದ ಮೇಲೆ ಖಾತೆ ಪುಸ್ತಕ ನೋಡಿ ತುಂಬಬೇಕು.