ರಾಜ-ಗುಲಾಮ ಕೈಗೆ ಬಂದರೆ ಮೊದಲು ಹಿಂದೆ ಎಷ್ಟು ಜನ ಅಂತ ಎಣಿಸುತ್ತೇನೆ

ಇಸ್ಪೀಟ್ ರಾಜ, ಆಟೀನ್ ಗುಲಾಮ. ಪೋಕರ್ ಕಲಿಯುತ್ತಿದ್ದ ಮೊದಲ ಕೆಲವು ತಿಂಗಳು ಈ ಎರಡು ಎಲೆ ಬಂದರೆ ಸಾಕು, ನಾನು ಎಲ್ಲಿ ಕೂತಿದ್ದೇನೆ ಅಂತಲೂ ನೋಡದೆ ಚಿಪ್ಸ್ ಮುಂದೆ ತಳ್ಳುತ್ತಿದ್ದೆ. ನಾನು ರಮ್ಮಿ ಆಡುತ್ತಾ ಬೆಳೆದವನು. ಅಲ್ಲಿ ಎಲೆ ಚೆನ್ನಾಗಿ ಬಿದ್ದರೆ ಯಾವ ಮೂಲೆಯಲ್ಲಿ ಕೂತರೂ ಅದು ಚೆನ್ನಾದ ಎಲೆಯೇ. ಪೋಕರ್‌ನಲ್ಲಿ ಹಾಗಲ್ಲ ಅನ್ನುವುದು ನನಗೆ ಅರ್ಥವಾದದ್ದು ಒಂದೇ ಕೈಯನ್ನು ಮೂರು ಸಲ ಆಡಿದ ಮೇಲೆ.

ನಾವು ಆಡುವುದು ಭಾವನ ಮನೆಯಲ್ಲಿ, ಶನಿವಾರ ಸಂಜೆ, ಊಟದ ಮೇಜಿನ ಸುತ್ತ ಒಂಬತ್ತು ಜನ. ದುಡ್ಡಿನ ಲೆಕ್ಕವಿಲ್ಲ, ಪ್ಲಾಸ್ಟಿಕ್ ಚಿಪ್ಸ್ ಮಾತ್ರ. ಪ್ರತಿಯೊಬ್ಬರಿಗೂ 1000 ಅಂಕದ ಚಿಪ್ಸ್. ಆಟ ನೋ ಲಿಮಿಟ್ ಹೋಲ್ಡೆಮ್: ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಆ ಐದರಲ್ಲಿ ಮೊದಲು ಬೀಳುವ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಕೊನೆಯದು ರಿವರ್. ಎಲೆ ಹಂಚುವವನ ಮುಂದೆ ‘ಬಟನ್’ ಅನ್ನುವ ಬಿಲ್ಲೆ ಇರುತ್ತದೆ, ಪ್ರತಿ ಆಟಕ್ಕೂ ಅದು ಒಂದು ಜಾಗ ಎಡಕ್ಕೆ ಸರಿಯುತ್ತದೆ. ಬಟನ್‌ನ ಎಡಕ್ಕೆ ಕೂತವನು ಸ್ಮಾಲ್ ಬ್ಲೈಂಡ್ ಅಂತ 5, ಅವನ ಪಕ್ಕದವನು ಬಿಗ್ ಬ್ಲೈಂಡ್ ಅಂತ 10, ಎಲೆ ನೋಡುವ ಮೊದಲೇ ಹಾಕಬೇಕು. ಬಿಗ್ ಬ್ಲೈಂಡ್‌ನ ಎಡಗಡೆಯವನು ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂಚೆ ಮಾತಾಡಬೇಕು, ಅಂದರೆ ಚಿಪ್ಸ್ ಹಾಕುವುದೋ ಎಲೆ ಬಿಡುವುದೋ ಹೇಳಬೇಕು. ಆ ಜಾಗಕ್ಕೆ ‘ಅಂಡರ್ ದ ಗನ್’ ಅನ್ನುತ್ತಾರೆ. ಫ್ಲಾಪ್ ಬಿದ್ದ ಮೇಲೆ ಪ್ರತಿ ಸುತ್ತಿನಲ್ಲೂ ಬಟನ್‌ನವನು ಎಲ್ಲರ ಆಟ ನೋಡಿ ಕೊನೆಗೆ ಮಾತಾಡುತ್ತಾನೆ.

ಆ ಸಂಜೆ ನಾನು ಅಂಡರ್ ದ ಗನ್. ರಾಜ-ಗುಲಾಮ ಬಂತು, ರೇಯ್ಸ್ ಮಾಡಿದೆ, ಅಂದರೆ 10 ಇದ್ದದ್ದನ್ನು 30ಕ್ಕೆ ಏರಿಸಿದೆ. ಬಟನ್‌ನ ಬಲಕ್ಕೆ ಕೂತ ಗೆಳೆಯ ಅಷ್ಟನ್ನೇ ಹಾಕಿ ಕಾಲ್ ಮಾಡಿದ, ಬಿಗ್ ಬ್ಲೈಂಡ್ ಕೂಡ ಬಂದ. ಎಲ್ಲರ ಚಿಪ್ಸ್ ಸೇರುವ ಪಾಟ್‌ನಲ್ಲಿ ಸ್ಮಾಲ್ ಬ್ಲೈಂಡ್‌ನ 5 ಸೇರಿ 95. ಫ್ಲಾಪ್‌ನಲ್ಲಿ ಗುಲಾಮ, ಎಂಟು, ನಾಲ್ಕು, ಮೂರೂ ಬೇರೆ ಬೇರೆ ಸೂಟ್. ನನಗೆ ಗುಲಾಮನ ಜೋಡಿ, ಪಕ್ಕದಲ್ಲಿ ರಾಜ. ಇದಕ್ಕಿಂತ ಚೆನ್ನಾಗಿ ಫ್ಲಾಪ್ ಬೀಳುವುದು ಅಪರೂಪ ಅಂದುಕೊಂಡು 50 ಹಾಕಿದೆ. ಗೆಳೆಯ ಕಾಲ್, ಬಿಗ್ ಬ್ಲೈಂಡ್ ಎಲೆ ಬಿಟ್ಟ. ಟರ್ನ್‌ನಲ್ಲಿ ಎರಡು ಬಿತ್ತು. ಈಗ ಮತ್ತೆ ನಾನೇ ಮೊದಲು ಮಾತಾಡಬೇಕು. ಏನೂ ಹಾಕದೆ ಚೆಕ್ ಮಾಡಿದರೆ ಅವನು ಜೋರಾಗಿ ಹಾಕಿ ಹೆದರಿಸಬಹುದು, ಹಾಕಿದರೆ ಅವನ ಕೈಯಲ್ಲಿ ಏನಿದೆಯೋ ಗೊತ್ತಿಲ್ಲ. ಯೋಚಿಸಿ 120 ಹಾಕಿದೆ, ಅವನು ಸುಮ್ಮನೆ ಕಾಲ್ ಮಾಡಿದ. ರಿವರ್‌ನಲ್ಲಿ ಆರು. ನಾನು ಚೆಕ್, ಅವನು 250. ಇಷ್ಟು ದೂರ ಬಂದ ಮೇಲೆ ಬಿಡಲು ಮನಸ್ಸು ಬರಲಿಲ್ಲ. ಅವನು ತೋರಿಸಿದ್ದು ಎಕ್ಕ-ಗುಲಾಮ. ಇಬ್ಬರಿಗೂ ಗುಲಾಮನ ಜೋಡಿ, ಅವನ ಎಕ್ಕ ನನ್ನ ರಾಜನಿಗಿಂತ ದೊಡ್ಡದು. ಒಂದೇ ಆಟದಲ್ಲಿ 450 ಹೋಯಿತು.

“ಗ್ರಹಚಾರ, ಭಾವ” ಅಂದೆ. ಭಾವ ಒಪ್ಪಲಿಲ್ಲ. ಎಲ್ಲರೂ ಊಟಕ್ಕೆ ಎದ್ದಾಗ ಕಾಗದ-ಪೆನ್ನು ತಂದು ಪಕ್ಕದಲ್ಲಿ ಕೂರಿಸಿಕೊಂಡರು. “ನಿನ್ನ ರಾಜ-ಗುಲಾಮನನ್ನು ಒತ್ತಿ ಹಿಡಿಯೋ ಕೈ ಎಷ್ಟಿವೆ, ಎಣಿಸೋಣ ಬಾ.”

ಎಕ್ಕದ ಜೋಡಿ ಬರಲು 6 ದಾರಿ, ರಾಣಿಯ ಜೋಡಿಗೂ 6. ಒಂದು ರಾಜ, ಒಂದು ಗುಲಾಮ ನನ್ನ ಹತ್ತಿರವೇ ಇರುವುದರಿಂದ ರಾಜನ ಜೋಡಿಗೆ 3, ಗುಲಾಮನ ಜೋಡಿಗೆ 3. ಎಕ್ಕ-ರಾಜ 12, ರಾಜ-ರಾಣಿ 12, ಎಕ್ಕ-ಗುಲಾಮ 12. ಒಟ್ಟು 54. ನನ್ನ ಎರಡು ಎಲೆ ಕಳೆದು ಉಳಿದ 50ರಲ್ಲಿ ಯಾರಿಗಾದರೂ ಎರಡು ಎಲೆ ಬರುವ ದಾರಿಗಳು 1225. ಅಂದರೆ ಒಬ್ಬನ ಕೈಯಲ್ಲಿ ಇಂಥದ್ದು ಇರುವುದು ನೂರಕ್ಕೆ ನಾಲ್ಕೂವರೆ ಸಲಕ್ಕಿಂತಲೂ ಸ್ವಲ್ಪ ಕಡಿಮೆ. ಇದನ್ನು ನೋಡಿ ನನಗೆ ಸಮಾಧಾನವೇ ಆಯಿತು. ಆದರೆ ಅಂಡರ್ ದ ಗನ್‌ನಲ್ಲಿ ಕೂತಾಗ ಇನ್ನೂ ಮಾತಾಡದೆ ಉಳಿದವರು ಎಂಟು ಜನ. ಆ ಎಂಟರಲ್ಲಿ ಒಬ್ಬನ ಹತ್ತಿರವಾದರೂ ಇರುವ ಸಾಧ್ಯತೆ ಹೆಚ್ಚುಕಡಿಮೆ ನೂರಕ್ಕೆ 30. ಅದೇ ಬಟನ್‌ನಲ್ಲಿ ಕೂತಿದ್ದು ಎಲ್ಲರೂ ಎಲೆ ಬಿಟ್ಟು ನನ್ನವರೆಗೆ ಬಂದರೆ ಉಳಿದವರು ಇಬ್ಬರೇ, ಆಗ ಅದು ನೂರಕ್ಕೆ 9ರ ಆಸುಪಾಸು.

ಈ 54 ಕೈಗಳಲ್ಲಿ ನಿಜವಾಗಿ ಮೋಸ ಮಾಡುವುದು ಎಲೆ ಹಂಚಿಕೊಳ್ಳುವ ಆ ಮೂರು: ಎಕ್ಕ-ರಾಜ, ರಾಜ-ರಾಣಿ, ಎಕ್ಕ-ಗುಲಾಮ. ಅವುಗಳ ಎದುರು ಐದು ಎಲೆ ಪೂರ್ತಿ ಬಿದ್ದರೆ ನಾನು ಗೆಲ್ಲುವುದು ನಾಲ್ಕರಲ್ಲಿ ಸುಮಾರು ಒಂದು ಸಲ. ಅದಕ್ಕಿಂತ ಕೆಟ್ಟದ್ದೆಂದರೆ, ನನಗೆ ಖುಷಿ ಕೊಡುವ ಎಲೆಯೇ ಅವನಿಗೂ ಖುಷಿ ಕೊಡುತ್ತದೆ. ಫ್ಲಾಪ್‌ನಲ್ಲಿ ಏನೂ ತಾಗದಿದ್ದರೆ ನಾನು 30 ಕಳೆದುಕೊಂಡು ಎದ್ದು ಬರುತ್ತಿದ್ದೆ. ಗುಲಾಮ ತಾಗಿದ್ದಕ್ಕೇ 450 ಹೋದದ್ದು.

ಮುಂದಿನ ವಾರ ಅದೇ ರಾಜ-ಗುಲಾಮ ಬಟನ್‌ನಲ್ಲಿ ಬಂತು. ನನಗಿಂತ ಮುಂಚೆ ಮಾತಾಡುವ ಆರೂ ಜನ ಎಲೆ ಬಿಟ್ಟಿದ್ದರು. 25ಕ್ಕೆ ರೇಯ್ಸ್ ಮಾಡಿದೆ, ಸ್ಮಾಲ್ ಬ್ಲೈಂಡ್ ಬಿಟ್ಟ, ಬಿಗ್ ಬ್ಲೈಂಡ್ ಇನ್ನೂ 15 ಹಾಕಿ ಬಂದ. ಪಾಟ್ 55. ಫ್ಲಾಪ್ ಗುಲಾಮ, ಏಳು, ಮೂರು. ಅವನು ಚೆಕ್, ನಾನು 25, ಅವನು ಕಾಲ್. ಟರ್ನ್‌ನಲ್ಲಿ ರಾಣಿ ಬಿತ್ತು, ನನಗೆ ಬೇಡವಾದ ಎಲೆ. ಅವನು ಚೆಕ್ ಮಾಡಿದ. ಇಲ್ಲಿ ನಾನೂ ಚೆಕ್ ಮಾಡಿದೆ, ಪಾಟ್ 105ರಲ್ಲೇ ನಿಂತಿತು. ಇನ್ನೊಂದು ಎಲೆ ಬಿಟ್ಟಿಯಾಗಿ ನೋಡಬಹುದು ಅನ್ನುವ ಹಕ್ಕು ಕೊನೆಗೆ ಮಾತಾಡುವವನಿಗೆ ಮಾತ್ರ. ಹಿಂದಿನ ವಾರ ಟರ್ನ್‌ನಲ್ಲಿ ನಾನು ಚೆಕ್ ಮಾಡಿದ್ದರೆ ಸುತ್ತು ಅಲ್ಲಿಗೆ ಮುಗಿಯುತ್ತದೆ ಅನ್ನುವ ಖಾತ್ರಿ ಇರಲಿಲ್ಲ, ಎದುರಿನವನು ಹಾಕಬಹುದಿತ್ತು. ರಿವರ್‌ನಲ್ಲಿ ಐದು ಬಿತ್ತು. ಅವನು 50 ಹಾಕಿದ. ಪಾಟ್ ಚಿಕ್ಕದಾಗಿದ್ದರಿಂದ ಕಾಲ್ ಮಾಡಲು ಹೆದರಿಕೆಯಾಗಲಿಲ್ಲ. ಅವನ ಕೈಯಲ್ಲಿ ಗುಲಾಮ-ಒಂಬತ್ತು.

ಆ ಗುಲಾಮ-ಒಂಬತ್ತನ್ನು ಗಮನಿಸಿ. ಅಂಡರ್ ದ ಗನ್‌ನಿಂದ ರೇಯ್ಸ್ ಬಂದರೆ ಅಂಥ ಕೈಯನ್ನು ಬುದ್ಧಿ ಇರುವವರು ಆಡುವುದಿಲ್ಲ. ಬಟನ್‌ನವನು ನೂರರಲ್ಲಿ ನಲವತ್ತು ಕೈ ಆಡುತ್ತಾನೆ ಅಂತ ಗೊತ್ತಿರುವುದರಿಂದಲೇ ಬಿಗ್ ಬ್ಲೈಂಡ್ ಅದನ್ನು ಹಿಡಿದು ಬಂದದ್ದು. ಹೀಗೆ ನನ್ನ ಜಾಗ ಬದಲಾದರೆ ನನ್ನ ಎದುರು ಬರುವ ಕೈಗಳೂ ಬದಲಾಗುತ್ತವೆ. ಹಿಂದಿನ ವಾರ ಸೋತ ರಾಜ ಈ ವಾರ ಗೆದ್ದ.

ಇಷ್ಟಕ್ಕೆ ನಾನು ಬಟನ್ ಸಿಕ್ಕರೆ ಏನಾದರೂ ಆಡಬಹುದು ಅನ್ನುವ ತೀರ್ಮಾನಕ್ಕೆ ಬಂದೆ, ಮತ್ತೆ ಪೆಟ್ಟು ತಿಂದೆ. ಮೂರನೆಯ ಸಲ ರಾಜ-ಗುಲಾಮ ಬಂದಾಗ ನಾನು ಬಟನ್‌ನಲ್ಲೇ ಇದ್ದೆ. ಆದರೆ ಅಂಡರ್ ದ ಗನ್‌ನಲ್ಲಿ ಕೂತಿದ್ದ ಹಿರಿಯರೊಬ್ಬರು ಆಗಲೇ 30ಕ್ಕೆ ರೇಯ್ಸ್ ಮಾಡಿದ್ದರು. ಗಂಟೆಗೆ ಎರಡೋ ಮೂರೋ ಕೈ ಆಡುವವರು ಅವರು. ಕೊನೆಗೆ ಮಾತಾಡುವವನು ನಾನಲ್ಲವೇ ಅಂತ ಕಾಲ್ ಮಾಡಿದೆ. ಫ್ಲಾಪ್‌ನಲ್ಲಿ ರಾಜ, ಒಂಬತ್ತು, ಎರಡು. ಅವರು ಮೂರು ಸುತ್ತೂ ಹಾಕಿದರು, ನಾನು ಮೂರು ಸುತ್ತೂ ಕಾಲ್ ಮಾಡಿದೆ. ಅವರದು ಎಕ್ಕ-ರಾಜ.

“ಆ ಐವತ್ನಾಲ್ಕನ್ನ ಮರೆತೆಯಾ?” ಅಂದರು ಭಾವ. ಆಗ ಹೊಳೆಯಿತು. ತನ್ನ ಹಿಂದೆ ಎಂಟು ಜನ ಇದ್ದಾರೆ ಅಂತ ಗೊತ್ತಿದ್ದೂ ರೇಯ್ಸ್ ಮಾಡಿದವರು ಕೈಯನ್ನು ಆರಿಸಿಯೇ ಆಡಿರುತ್ತಾರೆ. ಅವರು ಆರಿಸುವ ಪಟ್ಟಿ ತುಂಬ ಇರುವುದು ನನ್ನ ರಾಜ-ಗುಲಾಮನನ್ನು ಒತ್ತುವ ಆ ಕೈಗಳೇ. ಎಲ್ಲರೂ ಬಿಟ್ಟು ಬಂದ ಬಟನ್ ಬೇರೆ, ಮೊದಲ ಕುರ್ಚಿಯಿಂದ ರೇಯ್ಸ್ ಬಂದ ಬಟನ್ ಬೇರೆ. ಕೊನೆಗೆ ಮಾತಾಡುವ ಅನುಕೂಲ ಎಷ್ಟೇ ದೊಡ್ಡದಾದರೂ ಎಕ್ಕ ಇಲ್ಲದ ಕೊರತೆಯನ್ನು ಅದು ತುಂಬುವುದಿಲ್ಲ. ಅಲ್ಲಿ ಈಗ ನಾನು ಎಲೆ ಬಿಡುತ್ತೇನೆ.

ಜಾಗಗಳ ಹೆಸರು ಬಾಯಿಪಾಠ ಮಾಡುವುದನ್ನೂ ಬಿಟ್ಟೆ. ಆರೇ ಜನ ಬಂದ ದಿನ ಅಂಡರ್ ದ ಗನ್ ಅನ್ನುವ ಹೆಸರು ಅದೇ ಇರುತ್ತದೆ, ಹಿಂದೆ ಇರುವವರು ಮಾತ್ರ ಎಂಟಲ್ಲ, ಐದು. ಅದಕ್ಕೆ ನಾನು ಹೆಸರಿನ ಬದಲು ನನ್ನ ಎಡಗಡೆ ಎಲೆ ಹಿಡಿದು ಕೂತ ತಲೆಗಳನ್ನು ಎಣಿಸುತ್ತೇನೆ. ಎಂಟಿದ್ದರೆ ಏಳರಿಂದ ಮೇಲಿನ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಸೂಟ್‌ನ ಎಕ್ಕ-ಗುಲಾಮ, ಒಂದೇ ಸೂಟ್‌ನ ರಾಜ-ರಾಣಿ, ಇಷ್ಟೇ. ನೂರರಲ್ಲಿ ಆರೇಳು ಕೈ. ಅನುಭವ ಇರುವವರು ಇದಕ್ಕಿಂತ ಸ್ವಲ್ಪ ಹೆಚ್ಚು ಆಡುತ್ತಾರೆ, ನನಗೆ ಇದು ಸಾಕು.

ಈ ಎಣಿಕೆ ಕೈಕೊಡುವ ಜಾಗ ಸ್ಮಾಲ್ ಬ್ಲೈಂಡ್. ಎಲ್ಲರೂ ಬಿಟ್ಟು ಅಲ್ಲಿಗೆ ಬಂದರೆ ಹಿಂದೆ ಉಳಿದವನು ಒಬ್ಬನೇ, ಆದರೆ ಫ್ಲಾಪ್ ಬಿದ್ದ ಮೇಲೆ ರಿವರ್‌ವರೆಗೂ ನೀವೇ ಮೊದಲು ಮಾತಾಡಬೇಕು. ಅರ್ಧ ಹಾಕಿದ್ದಾಗಿದೆ, ಇನ್ನರ್ಧ ಹಾಕೋಣ ಅಂತ ಸಿಕ್ಕ ಸಿಕ್ಕ ಎಲೆಗೆ ಚಿಪ್ಸ್ ಕೊಡುವುದು ಹೊಸಬರೆಲ್ಲ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಬಿಗ್ ಬ್ಲೈಂಡ್‌ನಲ್ಲಿ ಮಾತ್ರ ಲೆಕ್ಕ ಬೇರೆ: ಬಟನ್‌ನವನು 25 ಮಾಡಿದರೆ ನಾನು 15 ಕೊಟ್ಟರೆ ಸಾಕು, ಪಾಟ್‌ನಲ್ಲಿ ಆಗಲೇ 40 ಇರುತ್ತದೆ. ಆ ಬೆಲೆಗೆ ರಾಜ-ಗುಲಾಮನನ್ನು ಬಿಡುವುದಿಲ್ಲ. ಹಾಗಂತ ಬ್ಲೈಂಡ್ ಜಾಗಗಳಲ್ಲಿ ಲಾಭ ನಿರೀಕ್ಷಿಸಬೇಡಿ. ಎಷ್ಟೋ ವರ್ಷ ಆಡಿದವರೂ ಆ ಎರಡು ಜಾಗದಲ್ಲಿ ದೀರ್ಘಕಾಲದಲ್ಲಿ ಕಳೆದುಕೊಳ್ಳುತ್ತಾರೆ. ಅಲ್ಲಿ ನಷ್ಟ ಕಡಿಮೆ ಮಾಡುವುದೇ ಕೆಲಸ, ಗಳಿಕೆ ಬಟನ್ ಮತ್ತು ಅದರ ಬಲಗಡೆಯ ಕುರ್ಚಿಯಲ್ಲಿ.

ಈಗ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ದೊಡ್ಡ ಆಟಕ್ಕೂ ಮೂರೇ ಕಾಲಂ: ಎಲೆ, ಹಿಂದೆ ಎಷ್ಟು ಜನ, ಎಷ್ಟು ಬಂತು ಅಥವಾ ಹೋಯಿತು. ಕಳೆದ ಶನಿವಾರ ಅಂಡರ್ ದ ಗನ್‌ನಲ್ಲಿ ಮತ್ತೆ ರಾಜ-ಗುಲಾಮ ಬಂತು. ಎಲೆ ಬಿಟ್ಟೆ. ಫ್ಲಾಪ್‌ನಲ್ಲಿ ಗುಲಾಮ ಬಿತ್ತು, ಕೊನೆಗೆ ಗುಲಾಮ-ಹತ್ತು ಹಿಡಿದವನು ಆ ಪಾಟ್ ಎಳೆದುಕೊಂಡ. ನಾನು ಇದ್ದಿದ್ದರೆ ಅದು ನನ್ನದೇ. ಹೊಟ್ಟೆಯಲ್ಲಿ ಸಂಕಟವಾಯಿತು, ಇಲ್ಲ ಅನ್ನುವುದಿಲ್ಲ. ನೋಟ್‌ಬುಕ್‌ನಲ್ಲಿ ‘ರಾಜ-ಗುಲಾಮ, 8, ಬಿಟ್ಟೆ’ ಅಂತ ಬರೆದು, ಮುಂದಿನ ಆಟಕ್ಕೆ ಬಿಗ್ ಬ್ಲೈಂಡ್‌ನ 10 ಎಣಿಸಿ ಮುಂದಿಟ್ಟೆ.