ಎರಡು ಔಟ್‌ಕಮ್, ಒಂದೇ 0.05: ಸ್ಯಾಂಪಲ್ ಸೈಜ್ ಡಬಲ್ ಮಾಡದೆ ದಾಟಿದ್ದು ಹೇಗೆ

ಎರಡು ಮುಖ್ಯ ಔಟ್‌ಕಮ್ ಇಟ್ಟುಕೊಂಡರೆ ಸ್ಯಾಂಪಲ್ ಸೈಜ್ ಡಬಲ್ ಆಗುತ್ತದೆ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಇನ್ನು ಕೆಲವರು ಆ ಕಡೆ ತುದಿ. ಆಲ್ಫಾ ಗೀಲ್ಫಾ ಏನೂ ಮುಟ್ಟಬೇಡಿ, ಎರಡಕ್ಕೂ ಲೆಕ್ಕ ಹಾಕಿ ದೊಡ್ಡದನ್ನು ತಗೊಳ್ಳಿ, ಸಾಕು ಅಂದರು. ಎರಡೂ ತಪ್ಪು. ಇದನ್ನು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಅಧ್ಯಯನ ಮುಗಿದಿದೆ, ದುಡ್ಡೂ ಸಾಲದೆ ಹೋಗಲಿಲ್ಲ.

ನಾನು ಶಿವಮೊಗ್ಗದಲ್ಲಿ ಕೂತು ಪಿಜಿ ವಿದ್ಯಾರ್ಥಿಗಳಿಗೆ, ಸಣ್ಣಪುಟ್ಟ ಸಂಸ್ಥೆಗಳಿಗೆ ಲೆಕ್ಕ ಮಾಡಿಕೊಡುವವನು. ಈ ಕೆಲಸ ತಂದವರು ಒಬ್ಬ ಫಿಸಿಯೋಥೆರಪಿ ಮೇಡಂ. ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಹೆಂಗಸರ ಸೊಂಟನೋವಿಗೆ ಒಂದಷ್ಟು ವ್ಯಾಯಾಮ ಹೇಳಿಕೊಟ್ಟು, ಹನ್ನೆರಡು ವಾರದ ಮೇಲೆ ಏನಾಗುತ್ತದೆ ನೋಡುವುದು. ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಮಾಮೂಲಿ ಸಲಹೆ. ಮೆಟ್ಟುಕತ್ತಿ ಮುಂದೆ ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕೂತವರ ಬೆನ್ನು ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ.

ಮೇಡಂಗೆ ಮೂರು ಔಟ್‌ಕಮ್ ಬೇಕಿತ್ತು. 0ಯಿಂದ 10ರ ನೋವಿನ ಸ್ಕೋರ್, 100ಕ್ಕೆ ಲೆಕ್ಕ ಹಾಕುವ ಓಸ್ವೆಸ್ಟ್ರಿ ಸ್ಕೋರ್ (ಅಂದರೆ ಏಳಲು, ಕೂರಲು, ಎತ್ತಲು ಎಷ್ಟು ಕಷ್ಟ ಅನ್ನೋದು), ಮತ್ತೆ ಕೆಲಸ ತಪ್ಪಿದ ದಿನಗಳು. ಮೂರರಲ್ಲಿ ಯಾವುದು ಗೆದ್ದರೂ ಗೆದ್ದ ಹಾಗೆ. ಅಲ್ಲೇ ಇರೋದು ಪೇಚು. ಮೂರು ಸಲ ಟಾಸ್ ಹಾಕಿ ಒಂದಾದರೂ ಹೆಡ್ ಬಿದ್ದರೆ ಗೆದ್ದೆ ಅನ್ನುವುದಾದರೆ ಆಲ್ಫಾವನ್ನು, ಅಂದರೆ ಇಲ್ಲದ ಗೆಲುವನ್ನು ಇದೆ ಅಂದುಬಿಡುವ ತಪ್ಪಿಗೆ ನಾವು ಬಿಡುವ 0.05 ಅನ್ನು, ಮೂರಕ್ಕೂ ಹಂಚಲೇಬೇಕು.

ಮೊದಲ ಪ್ರಪೋಸಲ್‌ನಲ್ಲಿ ಸುಮ್ನೆ ಬೋನ್‌ಫೆರೋನಿ ಹಾಕಿದೆವು. ಮೂರಕ್ಕೂ ತಲಾ 0.0167, ಪ್ರತಿಯೊಂದಕ್ಕೂ 80% ಪವರ್. ಕೆಲಸ ತಪ್ಪಿದ ದಿನಗಳಲ್ಲಿ ನಾವು ನಿರೀಕ್ಷಿಸಿದ ವ್ಯತ್ಯಾಸ ಎಸ್‌ಡಿಯ 0.3ರಷ್ಟು ಮಾತ್ರ. ಅದೊಂದೇ ಗುಂಪಿಗೆ 233 ಜನ ಕೇಳಿತು. ನೂರಕ್ಕೆ 15 ಜನ ಮಧ್ಯೆ ಬಿಟ್ಟು ಹೋಗುತ್ತಾರೆ ಎಂದು ಸೇರಿಸಿದರೆ ಒಟ್ಟು 550ರ ಹತ್ತಿರ. ಒಬ್ಬರಿಗೆ ಆಟೋ ಖರ್ಚು, ಮನೆ ಭೇಟಿ, ಫಾರಂ, ಕೆಲಸ ಬಿಟ್ಟು ಬಂದದ್ದಕ್ಕೆ ಅರ್ಧ ದಿನದ ಕೂಲಿ, ಎಲ್ಲ ಸೇರಿ 2,200 ರೂಪಾಯಿ ಬೀಳುತ್ತಿತ್ತು. ಅಂದರೆ 12 ಲಕ್ಷ. ಕೊಡುವವರು ಕೊಡುತ್ತೇನೆ ಅಂದದ್ದು 6 ಲಕ್ಷದೊಳಗೆ. ಪ್ರಪೋಸಲ್ ವಾಪಸ್ ಬಂತು. ಇದು ಹಳ್ಳಿ ಸಮೀಕ್ಷೆಯೋ ಟ್ರಯಲ್ಲೋ ಎಂದು ಒಬ್ಬರು ಅಂಚಿನಲ್ಲಿ ಬರೆದಿದ್ದರು. ಮೇಡಂ ಎರಡು ವಾರ ಫೋನೇ ಎತ್ತಲಿಲ್ಲ.

ಬೈದುಕೊಂಡದ್ದೆಲ್ಲ ಬೋನ್‌ಫೆರೋನಿಯನ್ನು. ಆದರೆ ಲೆಕ್ಕ ಬಿಡಿಸಿ ನೋಡಿದರೆ ಅದರ ಪಾಲು ಕಮ್ಮಿ. 80% ಪವರ್‌ಗೆ ಆಲ್ಫಾವನ್ನು ಎರಡು ಪಾಲು ಮಾಡಿದರೆ ಸ್ಯಾಂಪಲ್ 21% ಜಾಸ್ತಿಯಾಗುತ್ತದೆ. ಮೂರು ಪಾಲಿಗೆ 33%, ಐದಕ್ಕೆ ಹತ್ತಿರ ಹತ್ತಿರ 50%. ಹತ್ತು ಪಾಲು ಮಾಡಿದರೂ 70%. ಎಲ್ಲಿಯ ಡಬಲ್? ನಮ್ಮನ್ನು ಮುಳುಗಿಸಿದ್ದು ಆ 0.3. ಅದು ಒಂದೇ ಔಟ್‌ಕಮ್ ಆಗಿದ್ದರೂ 0.05ರಲ್ಲಿ ಗುಂಪಿಗೆ 175 ಜನ ಬೇಕಿತ್ತು.

ಹಾಗಾಗಿ ಮೊದಲು ಆ ಔಟ್‌ಕಮ್ಮನ್ನೇ ಹಿಡಿದುಕೊಂಡೆ. ಮೇಡಂ ಹತ್ತಿರ ಹಳೆಯ ಪೈಲಟ್ ಫಾರಂಗಳು ಇದ್ದವು. ಕೆಲಸ ತಪ್ಪಿದ ದಿನಗಳ ಕಾಲಂ ನೋಡಿದರೆ ಸೊನ್ನೆ, ಸೊನ್ನೆ, ಸೊನ್ನೆ, ಎಲ್ಲೋ ಒಂದು 2, ಮತ್ತೆ ಸೊನ್ನೆ. ನೋವು 7 ಎಂದು ಹೇಳಿದವರದ್ದೂ ಸೊನ್ನೆ. ಕಾರಣ ಫಾರಂನಲ್ಲಿ ಇರಲಿಲ್ಲ, ಅಂಗಳದಲ್ಲಿ ಇತ್ತು. ಸುಲಿದಷ್ಟಕ್ಕೆ ಕೂಲಿ. ಒಬ್ಬ ಅಕ್ಕ ಕೈ ನಿಲ್ಲಿಸದೆ ಹೇಳಿದರು, "ಸೊಂಟ ನೋವು ಅಂತ ಮಲಗಿದ್ರೆ ಕೂಲಿ ಯಾರು ಕೊಡ್ತಾರೆ ಮೇಡಂ, ಸೀಸನ್ನೇ ಇಷ್ಟು ದಿನ." ನೋವು ಕಮ್ಮಿಯಾದರೂ ಇಳಿಯಲು ಜಾಗವೇ ಇಲ್ಲದ ಔಟ್‌ಕಮ್ ಅದು. ಸೆಕೆಂಡರಿ ಪಟ್ಟಿಗೆ ಹೋಯಿತು. ಆಲ್ಫಾದ ಪಾಲು ಅದಕ್ಕೆ ಇಲ್ಲ.

ಉಳಿದದ್ದು ಎರಡು. ನೋವಿನ ಸ್ಕೋರ್‌ನಲ್ಲಿ 1 ಪಾಯಿಂಟ್ ವ್ಯತ್ಯಾಸ, ಎಸ್‌ಡಿ 2, ಅಂದರೆ 0.5. ಓಸ್ವೆಸ್ಟ್ರಿಯಲ್ಲಿ 6 ಪಾಯಿಂಟ್, ಎಸ್‌ಡಿ 15, ಅಂದರೆ 0.4. (ಈ ಎಸ್‌ಡಿಗಳನ್ನು ಅಷ್ಟು ಸಣ್ಣ ಪೈಲಟ್‌ನಿಂದ ನಂಬುವ ಹಾಗೆ ಹೇಗೆ ತೆಗೆದೆ ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ.) ಸಮ ಹಂಚಿಕೆಯಲ್ಲಿ, ಅಂದರೆ ತಲಾ 0.025 ಕೊಟ್ಟರೆ, ನೋವಿಗೆ ಗುಂಪಿಗೆ 77 ಜನ ಸಾಕು, ಓಸ್ವೆಸ್ಟ್ರಿಗೆ 119 ಬೇಕು. ಸ್ಯಾಂಪಲ್ ನಿರ್ಧಾರ ಮಾಡುವುದು 119. ಆಗ ನೋವಿನ ಕಡೆ 42 ಜನ ಸುಮ್ನೆ ಹೆಚ್ಚುವರಿ ಕೂತಿದ್ದಾರೆ ಅಲ್ವಾ? ಮನೆಯಲ್ಲಿ ಇಬ್ಬರು ಮಕ್ಕಳಿಗೆ ಸರಿಸಮ ಬಡಿಸಿ, ಒಬ್ಬ ತಟ್ಟೆಯಲ್ಲಿ ಬಿಟ್ಟು ಇನ್ನೊಬ್ಬ ಹಸಿದು ಏಳುವ ಹಾಗೆ.

0.05ನ್ನು ಸಮವಾಗಿ ಹಂಚಬೇಕು ಎಂದು ಬೋನ್‌ಫೆರೋನಿಯಲ್ಲಿ ಎಲ್ಲೂ ಇಲ್ಲ. ಎರಡರ ಮೊತ್ತ 0.05 ದಾಟಬಾರದು, ಅಷ್ಟೇ. ಆರ್‌ನಲ್ಲಿ ಇಷ್ಟು ಬರೆದೆ:

```
a <- seq(0.026, 0.048, 0.002)
n <- function(d, al) 2*(qnorm(1-al/2)+qnorm(0.8))^2/d^2
cbind(a, n(0.4, a), n(0.5, 0.05-a))
```

ಎರಡನೇ ಕಾಲಂ ಇಳಿಯುತ್ತಾ ಬರುತ್ತದೆ, ಮೂರನೆಯದು ಏರುತ್ತಾ ಹೋಗುತ್ತದೆ. ಎರಡೂ ಸಂಧಿಸುವ ಹತ್ತಿರ ನಿಮ್ಮ ಹಂಚಿಕೆ. ನಮಗೆ 0.044ರ ಹತ್ತಿರ ಸಂಧಿಸಿತು, ಗುಂಪಿಗೆ 103 ಚಿಲ್ಲರೆ. ನಾನು ಅಲ್ಲಿವರೆಗೆ ಹೋಗಲಿಲ್ಲ. ಓಸ್ವೆಸ್ಟ್ರಿಗೆ 0.04, ನೋವಿಗೆ 0.01 ಎಂದು ನಿಲ್ಲಿಸಿದೆ. ಆಗ ಓಸ್ವೆಸ್ಟ್ರಿಗೆ 105, ನೋವಿಗೆ 94. ಗುಂಪಿಗೆ ಎರಡು ಜನ ಜಾಸ್ತಿ ಆದರೂ ನೋವಿಗೆ 85% ಪವರ್ ಸಿಗುತ್ತದೆ, ನನ್ನ 0.5 ತುಸು ಆಚೀಚೆಯಾದರೆ ಕೈಯಲ್ಲಿ ಒಂಚೂರು ಇರುತ್ತದೆ. ಇದು ಝಡ್ ಲೆಕ್ಕ. `power.t.test` ಒಂದೆರಡು ಜನ ಜಾಸ್ತಿ ಹೇಳುತ್ತದೆ, ಅದನ್ನೇ ತಗೊಳ್ಳಿ. ಬಿಟ್ಟು ಹೋಗುವವರನ್ನು ಸೇರಿಸಿ ಒಟ್ಟು 250 ಜನ, ಐದೂವರೆ ಲಕ್ಷ. ಸಮ ಹಂಚಿಕೆಯಾಗಿದ್ದರೆ 280ರ ಮೇಲೆ ಹೋಗಿ ಆರು ಲಕ್ಷ ದಾಟುತ್ತಿತ್ತು. ಪ್ರಪೋಸಲ್ ಬದುಕಿದ್ದು ಈ ಒಂದು ಸಂಖ್ಯೆಯಿಂದ.

ಮಧ್ಯೆ ಒಂದು ಅಡ್ಡದಾರಿ ಹಿಡಿದೆ. ನೋವು ಮತ್ತು ಓಸ್ವೆಸ್ಟ್ರಿ ಜೊತೆಜೊತೆಗೆ ಏರಿಳಿಯುತ್ತವೆ, ಪೈಲಟ್‌ನಲ್ಲಿ ಕೋರಿಲೇಶನ್ 0.6ರಷ್ಟಿತ್ತು. ಹಾಗಿದ್ದರೆ ಬೋನ್‌ಫೆರೋನಿ ಬೇಕಾದ್ದಕ್ಕಿಂತ ಬಿಗಿ, ಆಲ್ಫಾವನ್ನು ಇನ್ನಷ್ಟು ಸಡಿಲಿಸಬಹುದಲ್ಲ? ಸಿಮ್ಯುಲೇಶನ್ ಓಡಿಸಿ ರಾತ್ರಿಯೆಲ್ಲ ಲ್ಯಾಪ್‌ಟಾಪ್ ಬಿಸಿ ಮಾಡಿದೆ. ಸಮ ಹಂಚಿಕೆಯಲ್ಲಿ 0.025ರ ಬದಲು 0.028 ಸಿಗುತ್ತದೆ. ಉಳಿತಾಯ ಗುಂಪಿಗೆ ಮೂರೇ ಜನ! ಅದೂ ಕೋರಿಲೇಶನ್ 0.6 ನಿಜವಾಗಿದ್ದರೆ ಮಾತ್ರ. ಅದು 0.2 ಆಗಿಬಿಟ್ಟರೆ ಒಟ್ಟು ದೋಷ 0.05 ದಾಟುತ್ತದೆ, ಕಮಿಟಿ ಮುಂದೆ ಕೈ ಕಟ್ಟಿ ನಿಲ್ಲಬೇಕು. ಮೂರು ಜನಕ್ಕೆ ಅಷ್ಟು ರಗಳೆ ಬೇಡ ಎಂದು ಬಿಟ್ಟೆ. ಆದರೆ ಆ ಸಿಮ್ಯುಲೇಶನ್ ಬೇರೆ ಒಂದು ಲಾಭ ಕೊಟ್ಟಿತು. ನಮ್ಮ ಊಹೆಗಳು ಸರಿಯಿದ್ದರೆ ಎರಡರಲ್ಲಿ ಒಂದಾದರೂ ಗೆಲ್ಲುವ ಸಾಧ್ಯತೆ 90% ಮೇಲೆ, ಎರಡೂ ಗೆಲ್ಲುವುದು 70% ಚಿಲ್ಲರೆ. ಮೇಡಂಗೆ ಅರ್ಥವಾದದ್ದು ಇದೇ ಸಂಖ್ಯೆ, ಆಲ್ಫಾ ಅಲ್ಲ.

ಕಮಿಟಿಯಲ್ಲಿ ಒಬ್ಬ ಹಿರಿಯ ಸರ್ ಹಿಡಿದುಕೊಂಡರು. "ಎರಡೂ ಮುಖ್ಯ ಅಂತೀರಿ, ಎರಡೂ ಗೆಲ್ಲಲೇಬೇಕು ಅಂದರೆ ಹಂಚುವುದು ಯಾಕ್ರೀ?" ಒಳ್ಳೆಯ ಪ್ರಶ್ನೆ. ಎರಡೂ ಗೆದ್ದರೆ ಮಾತ್ರ ಗೆಲುವು ಎಂದಾದರೆ ಆಲ್ಫಾ ಹಂಚಬೇಕಿಲ್ಲ, ಎರಡಕ್ಕೂ ಪೂರ್ತಿ 0.05. ಆದರೆ ಆಗ ಪವರ್ ಸೋರುತ್ತದೆ. ಕೋರಿಲೇಶನ್ ಇಲ್ಲದಿದ್ದರೆ 80ಕ್ಕೆ 80 ಗುಣಿಸಿ 64%. ಅದನ್ನು 80ಕ್ಕೆ ತರಲು ಪ್ರತಿಯೊಂದಕ್ಕೂ 90%ರ ಹತ್ತಿರ ಪವರ್ ಬೇಕು, ಸ್ಯಾಂಪಲ್ ಸುಮಾರು 30% ಏರುತ್ತದೆ. ಆ ದಾರಿಯೇನೂ ಅಗ್ಗವಲ್ಲ ಸರ್ ಅಂದೆ. ನಮ್ಮದು "ಯಾವುದಾದರೂ ಒಂದು" ಅನ್ನುವ ನಿಯಮ ಎಂದು ಮೊದಲ ಪುಟದಲ್ಲೇ ಬರೆದಿತ್ತು. ಅವರು ಪುಟ ತಿರುಗಿಸಿದರು, ಮತ್ತೆ ಏನೂ ಕೇಳಲಿಲ್ಲ. ಸಿಟಿಆರ್‌ಐ ನೋಂದಣಿಗೆ ಮುಂಚೆ ಪ್ರೊಟೊಕಾಲ್‌ನಲ್ಲೂ 0.04 ಮತ್ತು 0.01 ಎರಡನ್ನೂ ಬರೆಸಿದೆ. ಡೇಟಾ ನೋಡಿದ ಮೇಲೆ ಹಂಚಿದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಫಲಿತಾಂಶ ಬಂದಾಗ ನೋವಿನ ಪಿ ವ್ಯಾಲ್ಯೂ 0.004ರಷ್ಟು, ಓಸ್ವೆಸ್ಟ್ರಿಯದ್ದು 0.03 ದಾಟಿತ್ತು. ಎರಡೂ ತಮ್ಮ ತಮ್ಮ ಗೆರೆಯೊಳಗೆ. ಸಮ ಹಂಚಿಕೆಯ 0.025ರಲ್ಲಿ ಓಸ್ವೆಸ್ಟ್ರಿ ಹೊರಗೆ ಬೀಳುತ್ತಿತ್ತು. ಹೋಲ್ಮ್ ವಿಧಾನ ಗೊತ್ತಿರುವವರು ಈಗಲೇ ಕೈ ಎತ್ತುತ್ತಾರೆ: ಹೋಲ್ಮ್ ಹಾಕಿದ್ದರೂ ದಾಟುತ್ತಿತ್ತಲ್ಲ, ನೋವು ಗೆದ್ದ ಮೇಲೆ ಓಸ್ವೆಸ್ಟ್ರಿಗೆ ಪೂರ್ತಿ 0.05 ಸಿಗುತ್ತದೆ. ಹೌದು, ದಾಟುತ್ತಿತ್ತು. ನಾವೂ ಆ ವರ್ಗಾವಣೆಯನ್ನು ಪ್ರೊಟೊಕಾಲ್‌ನಲ್ಲಿ ಸೇರಿಸಿದ್ದೆವು, ಒಂದು ಗೆದ್ದರೆ ಅದರ ಪಾಲು ಇನ್ನೊಂದಕ್ಕೆ. ಆದರೆ ಸ್ಯಾಂಪಲ್ ಲೆಕ್ಕ ಹಾಕುವಾಗ ನೋವು ಗೆದ್ದೇ ಗೆಲ್ಲುತ್ತದೆ ಎಂದು ಇಟ್ಟುಕೊಳ್ಳುವ ಹಾಗಿಲ್ಲ. ಓಸ್ವೆಸ್ಟ್ರಿ ತನ್ನ ಕಾಲ ಮೇಲೆ ನಿಲ್ಲಬೇಕು. ಆ 280, 250ಕ್ಕೆ ಇಳಿದದ್ದು ಹೋಲ್ಮ್‌ನಿಂದ ಅಲ್ಲ, ಓರೆ ಹಂಚಿಕೆಯಿಂದ.

ಇದು ಕೈಕೊಡುವ ಜಾಗ ಒಂದಿದೆ. ಸುಲಭ ಅಂದುಕೊಂಡ ಔಟ್‌ಕಮ್ ನಿಜಕ್ಕೂ ಸುಲಭ ಇರಬೇಕು. ನೋವಿನಲ್ಲೂ ವ್ಯತ್ಯಾಸ 0.5ರ ಬದಲು 0.4 ಆಗಿದ್ದರೆ, 0.01ರ ಗೆರೆಯಲ್ಲಿ ಅದರ ಪವರ್ 63%ಗೆ ಬೀಳುತ್ತಿತ್ತು. ಎರಡು ಔಟ್‌ಕಮ್‌ಗಳ ಎಫೆಕ್ಟ್ ಸೈಜ್ ಹತ್ತಿರ ಹತ್ತಿರ ಇದ್ದರೆ ಓರೆ ಹಂಚಿಕೆಯಿಂದ ಏನೂ ಸಿಗಲ್ಲ, ಸಮವಾಗಿಯೇ ಹಂಚಿ. ತುಂಬಾ ದೂರ ಇದ್ದರೆ, ಉದಾಹರಣೆಗೆ ಒಂದು 0.8, ಇನ್ನೊಂದು 0.4, ದೊಡ್ಡದಕ್ಕೆ 0.005 ಕೊಟ್ಟರೂ ಸಾಕಾಗುತ್ತದೆ.

ಇನ್ನೊಂದು ಮಾತು. ಮೊದಲ ದಿನದ ಸ್ಕೋರನ್ನು ಮಾಡೆಲ್‌ಗೆ ಸೇರಿಸಿದರೆ ಸ್ಯಾಂಪಲ್ ಇನ್ನೂ ಇಳಿಯುತ್ತದೆ. ನಾನು ಅದನ್ನು ಪ್ಲಾನ್‌ನಲ್ಲಿ ಲೆಕ್ಕಕ್ಕೆ ಹಿಡಿಯದೆ ವಿಶ್ಲೇಷಣೆಗೆ ಮಾತ್ರ ಬರೆಸಿದೆ. ಮಳೆಗಾಲಕ್ಕೆ ಮುಂಚೆ ಮುಗಿಯದಿದ್ದರೆ ಜನ ಕೈಗೆ ಸಿಗಲ್ಲ, 15%ಕ್ಕಿಂತ ಜಾಸ್ತಿ ಬಿಟ್ಟು ಹೋದರೆ ಅದು ಕಾಪಾಡಲಿ ಎಂದು. ಕೊನೆಗೆ ಬಿಟ್ಟು ಹೋದವರು 12%ರಷ್ಟು. ಮಿಕ್ಕ ದುಡ್ಡಿನಲ್ಲಿ ಮೇಡಂ ಮತ್ತೊಂದು ಸೀಸನ್ನಿನ ಪೈಲಟ್ ಶುರು ಮಾಡಿದ್ದಾರೆ, ಈ ಸಲ ಅಡಿಕೆ ಕೊಯ್ಯುವವರ ಭುಜ. ಮತ್ತೆ ಮೂರು ಔಟ್‌ಕಮ್ ಕೇಳುತ್ತಿದ್ದಾರೆ.